‘ಆಯ್ತು ಸಾರ್’ ಎಂದ ಮಗುವಿಗೆ ಮುಂದೇನು?

ಗಣಿತದ ಮೇಷ್ಟ್ರ ಕಿವಿಗೆ ದಿನಕ್ಕೆ ಹತ್ತು ಸಲ ಬೀಳುವ ಮಾತುಗಳು ಎರಡು. ಒಂದು, ‘ಅರ್ಥ ಆಗ್ಲಿಲ್ಲ ಸಾರ್’. ಇನ್ನೊಂದು, ‘ಆಯ್ತು ಸಾರ್’. ಮೊದಲನೆಯದಕ್ಕೆ ನಮ್ಮ ಹತ್ತಿರ ಉತ್ತರವಿದೆ. ಇನ್ನೊಮ್ಮೆ ಹೇಳುತ್ತೇವೆ, ಬೇರೆ ಉದಾಹರಣೆ ಕೊಡುತ್ತೇವೆ, ಸಂಜೆ ವಿಶೇಷ ತರಗತಿ ಇಡುತ್ತೇವೆ. ತರಬೇತಿಗಳಲ್ಲಿ ಹೇಳಿಕೊಡುವುದೂ ಬಹುಪಾಲು ಅದನ್ನೇ. ಎರಡನೆಯದು ಕೇಳಿಸಿದಾಗ ಮಾತ್ರ ಕೈ ಕಟ್ಟಿದಂತಾಗುತ್ತದೆ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹನ್ನೆರಡು ಲೆಕ್ಕ ಕೊಟ್ಟಿದ್ದೀರಿ, ಏಳನೇ ನಿಮಿಷಕ್ಕೆ ಕಿಟಕಿ ಪಕ್ಕದ ಹುಡುಗಿ ಪೆನ್ನಿನ ಕ್ಯಾಪು ಹಾಕಿ ನಿಮ್ಮನ್ನೇ ನೋಡುತ್ತಿದ್ದಾಳೆ. ಇನ್ನು ನಲವತ್ತೈದು ಮಕ್ಕಳು ಮೂರನೇ ಲೆಕ್ಕದಲ್ಲಿದ್ದಾರೆ.

ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರಿಗೆ ಇದಕ್ಕೊಂದು ಸಿದ್ಧ ಔಷಧಿ ಇತ್ತು. ಬೇಗ ಮುಗಿಸಿದವರು 19ರ ಮಗ್ಗಿಯನ್ನು ಮೂರು ಸಲ ಬರೆಯಬೇಕು. ಎರಡು ವಾರದಲ್ಲಿ ನಾನು ನಿಧಾನ ಮಾಡುವುದನ್ನು ಕಲಿತೆ. ಮಾರ್ಜಿನ್ ಗೆರೆ ಎರಡು ಬಣ್ಣದಲ್ಲಿ ಎಳೆಯುವುದು, ಅಕ್ಷರವನ್ನು ದುಂಡಗೆ ತಿದ್ದುವುದು, ಪಕ್ಕದವನು ಎಷ್ಟನೇ ಲೆಕ್ಕದಲ್ಲಿದ್ದಾನೆ ಎಂದು ನೋಡಿಕೊಂಡು ಅವನ ಜೊತೆಗೇ ಮುಗಿಸುವುದು. ಮೇಷ್ಟ್ರಿಗೆ ಬಹಳ ಸಂತೋಷವಾಗಿತ್ತು: ‘ಈಗ ನೋಡು, ನೀಟಾಗಿ ಮಾಡ್ತಿದ್ದೀಯ.’ ಇಂದು ನನ್ನ ತರಗತಿಯಲ್ಲಿ ಅತಿ ಚೆಂದದ ನೋಟ್‌ಬುಕ್ ಕಂಡರೆ ನನಗೆ ಸ್ವಲ್ಪ ಅನುಮಾನ ಬರುತ್ತದೆ.

ಬೇಗ ಮುಗಿಸುವ ಮಗುವಿಗೆ ನಾವು ಸಾಮಾನ್ಯವಾಗಿ ಮಾಡುವುದು ಮೂರರಲ್ಲೊಂದು. ಅದೇ ಬಗೆಯ ಇನ್ನಷ್ಟು ಲೆಕ್ಕ ಕೊಡುತ್ತೇವೆ. ಅದು ಶಿಕ್ಷೆ. ಇಲ್ಲವೇ ‘ಹೋಗಿ ಅವನಿಗೆ ಹೇಳಿಕೊಡು’ ಎನ್ನುತ್ತೇವೆ. ವಾರಕ್ಕೊಮ್ಮೆಯಾದರೆ ಒಳ್ಳೆಯದೇ, ದಿನವೂ ಆದರೆ ಆ ಮಗು ಸಂಬಳವಿಲ್ಲದ ಸಹಾಯಕ ಶಿಕ್ಷಕ, ಪಕ್ಕದ ಮಗು ಉತ್ತರ ನಕಲು ಮಾಡುವುದರಲ್ಲಿ ಪಳಗಿದವನು. ಮೂರನೆಯದು, ಮುಂದಿನ ತರಗತಿಯ ಪುಸ್ತಕ ಕೈಗಿಡುವುದು. ಎಂಟನೇ ತರಗತಿಯಲ್ಲಿ ಒಂಬತ್ತನೆಯದನ್ನು ಮುಗಿಸಿದವಳು ಮುಂದಿನ ವರ್ಷ ಇನ್ನೂ ಬೇಗ ‘ಆಯ್ತು ಸಾರ್’ ಎನ್ನುತ್ತಾಳೆ, ಅಷ್ಟೇ. ತೊಂದರೆಯನ್ನು ಒಂದು ವರ್ಷ ಮುಂದೂಡಿದಂತಾಯಿತು.

ಹತ್ತಾರು ವರ್ಷ ಎಡವಿದ ಮೇಲೆ ನಾನು ಹಿಡಿದುಕೊಂಡ ದಾರಿ ಬೇರೆ. ಮಗುವನ್ನು ಮುಂದಕ್ಕೆ ತಳ್ಳುವುದಿಲ್ಲ, ಪಕ್ಕಕ್ಕೆ ಕೂರಿಸುವುದೂ ಇಲ್ಲ. ಎಲ್ಲರಿಗೂ ಕೊಟ್ಟ ಪ್ರಶ್ನೆಯಲ್ಲೇ ಇನ್ನಷ್ಟು ಆಳಕ್ಕೆ ಇಳಿಯಲು ಬಿಡುತ್ತೇನೆ. ಹೇಳುವುದು ಸುಲಭ. ಅದಕ್ಕೆ ತಕ್ಕ ಪ್ರಶ್ನೆ ಬೇಕು, ಸಮಯ ಬೇಕು, ಮತ್ತು ಆಳದಲ್ಲಿ ಸಿಕ್ಕಿದ್ದನ್ನು ತಂದು ಎಲ್ಲರ ಮುಂದಿಡುವ ಒಂದು ಜಾಗ ಬೇಕು. ಈ ಮೂರನ್ನು ಹೊಂದಿಸುವುದೇ ನನ್ನ ಯೋಜನೆಯ ಒಟ್ಟು ಕೆಲಸ.

ಮೊದಲು ಸಮಯದ ವಿಚಾರ. ಘಟಕ ಶುರುವಾಗುವ ಹಿಂದಿನ ವಾರ ಹದಿನೈದು ನಿಮಿಷ ತೆಗೆದುಕೊಂಡು, ಆ ಘಟಕದ ಕೊನೆಯಲ್ಲಿರುವ ಅತಿ ಕಠಿಣ ಐದು ಲೆಕ್ಕಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಅಮೆರಿಕದ ಶಿಕ್ಷಕಿ ಸೂಸನ್ ವೈನ್‌ಬ್ರೆನರ್ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದ ಉಪಾಯವಿದು, ಹೆಸರೇ ‘ಕಠಿಣವಾದದ್ದು ಮೊದಲು’. ಐದರಲ್ಲಿ ನಾಲ್ಕನ್ನು ಹೇಗೆ ಮಾಡಿದೆನೆಂದು ತೋರಿಸಿ ಸರಿಮಾಡಿದವರಿಗೆ ಆ ಘಟಕದ ಅಭ್ಯಾಸದ ಲೆಕ್ಕಗಳಿಂದ ರಜೆ. ಹೊಸ ಪಾಠದಿಂದ ರಜೆ ಇಲ್ಲ, ಅದು ಎಲ್ಲರಿಗೂ. ಬಿಟ್ಟುಹೋಗುವುದು ಒಂದೇ ಬಗೆಯ ಹನ್ನೆರಡು ಲೆಕ್ಕಗಳು ಮಾತ್ರ. ಹತ್ತು ಪಿರಿಯಡ್ಡಿನ ಘಟಕದಲ್ಲಿ ಹೀಗೆ ಮೂರು, ಮೂರೂವರೆ ಪಿರಿಯಡ್ಡಿನಷ್ಟು ಸಮಯ ಅವರ ಕೈಗೆ ಉಳಿಯುತ್ತದೆ.

ಇಲ್ಲೊಂದು ಸಣ್ಣ ಎಚ್ಚರಿಕೆಯನ್ನು ನಾನು ಪೆಟ್ಟು ತಿಂದೇ ಕಲಿತೆ. ಮೊದಲ ವರ್ಷ ಈ ಐದು ಲೆಕ್ಕಗಳನ್ನು ನಾನೇ ಆರಿಸಿದ ಆರು ಮಕ್ಕಳಿಗೆ ಮಾತ್ರ ಕೊಟ್ಟೆ. ತಿಂಗಳೊಳಗೆ ಅವರಿಗೆ ತರಗತಿಯಲ್ಲಿ ಒಂದು ಅಡ್ಡಹೆಸರು ಬಿತ್ತು, ‘ಹೋಮ್‌ವರ್ಕ್ ಇಲ್ಲದೋರು’ ಎಂದು. ಎರಡನೇ ವರ್ಷದಿಂದ ಐದು ಲೆಕ್ಕ ಇಡೀ ತರಗತಿಗೆ, ಪ್ರತಿ ಘಟಕಕ್ಕೂ ಹೊಸದಾಗಿ. ಬೀಜಗಣಿತದಲ್ಲಿ ನಾಲ್ಕು ಸರಿಮಾಡಿದವನು ರೇಖಾಗಣಿತದಲ್ಲಿ ಒಂದನ್ನೂ ಮಾಡದೇ ಹೋಗಬಹುದು, ಹೋದದ್ದೂ ಇದೆ. ಎಂದೂ ಕೈ ಎತ್ತದ ಹುಡುಗನೊಬ್ಬ ಕೋನಗಳ ಪಾಠಕ್ಕೆ ಬಂದಾಗ ಐದಕ್ಕೆ ಐದನ್ನೂ ಸರಿಮಾಡಿ ಕೂತಿದ್ದ. ಪಟ್ಟಿ ಪ್ರತಿ ತಿಂಗಳು ಬದಲಾಗುತ್ತಿದ್ದರೆ ಅಡ್ಡಹೆಸರು ಅಂಟುವುದಿಲ್ಲ.

ಪ್ರತಿಭೆ ಎಂದರೆ ವೇಗ ಎಂದು ನಾವು ತಿಳಿದಿರುವುದೂ ಇಲ್ಲೇ ಅಡ್ಡ ಬರುತ್ತದೆ. ಸೋವಿಯತ್ ಮನಶ್ಶಾಸ್ತ್ರಜ್ಞ ಕ್ರುತೆತ್‌ಸ್ಕಿ ಗಣಿತದಲ್ಲಿ ಮುಂದಿರುವ ಶಾಲಾ ಮಕ್ಕಳನ್ನು ಸುಮಾರು ಹನ್ನೆರಡು ವರ್ಷ ಹತ್ತಿರದಿಂದ ಗಮನಿಸಿ 1968ರಲ್ಲಿ ಒಂದು ದೊಡ್ಡ ಪುಸ್ತಕ ಬರೆದರು. ಅವರ ಪ್ರಕಾರ ಲೆಕ್ಕ ಹಾಕುವ ವೇಗವಾಗಲಿ, ಅಂಕಿ ಸೂತ್ರಗಳ ನೆನಪಾಗಲಿ ಗಣಿತದ ಸಾಮರ್ಥ್ಯಕ್ಕೆ ಅಗತ್ಯವೇ ಅಲ್ಲ. ಅವರು ಹುಡುಕಿದ್ದು ಬೇರೆ ಗುಣಗಳನ್ನು: ಒಂದೆರಡು ಉದಾಹರಣೆಯಲ್ಲೇ ಸಾಮಾನ್ಯ ನಿಯಮ ಕಾಣುವುದು, ಒಂದು ದಾರಿಯಿಂದ ಇನ್ನೊಂದಕ್ಕೆ ಸಲೀಸಾಗಿ ಹೊರಳುವುದು, ಹೋದ ದಾರಿಯಲ್ಲೇ ಹಿಂದಕ್ಕೆ ಬರುವುದು. ಟ್ಯೂಷನ್ನಿನಲ್ಲಿ ‘ಫೌಂಡೇಶನ್ ಕೋರ್ಸ್’ ಮಾಡಿದ ಮಗು ವೇಗವಾಗಿರುತ್ತದೆ. ಅದಕ್ಕೆ ‘ಈ ಸೂತ್ರ 3ಕ್ಕೆ ಸರಿಯೇ, ಬರೆದು ತೋರಿಸು’ ಎಂದು ಕೇಳಿ ನೋಡಿ. ಸೂತ್ರವನ್ನು ಮತ್ತೆ ಹೇಳಿದರೆ ಅದು ನೆನಪು, ಮೂರು ಬೊಟ್ಟಿಟ್ಟು ತೋರಿಸಿದರೆ ತಿಳಿವಳಿಕೆ.

ಈಗ ಪ್ರಶ್ನೆಗೆ ಬರುತ್ತೇನೆ. ಎಂಟನೇ ತರಗತಿಯಲ್ಲಿ ಅಪವರ್ತನಗಳ ಜೊತೆಗೆ ನಾನು ಮಾಡಿಸುವ ಒಂದನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿಡುತ್ತೇನೆ. ಗಣಿತದವರಿಗೆ ಹಳೆಯ ಪ್ರಶ್ನೆ, ಮಕ್ಕಳಿಗೆ ಪ್ರತಿ ವರ್ಷವೂ ಹೊಸದು.

ಬೋರ್ಡಿನ ಮೇಲೆ ಎರಡು ಸಾಲು ಬರೆಯುತ್ತೇನೆ: 9 = 4 + 5. 9 = 2 + 3 + 4. ಒಂದಾದ ಮೇಲೊಂದು ಬರುವ, ಅಂದರೆ ಕ್ರಮಾನುಗತ ಸಂಖ್ಯೆಗಳನ್ನು ಕೂಡಿ 9 ಮಾಡಿದ್ದೇವೆ. 1ರಿಂದ 30ರವರೆಗಿನ ಸಂಖ್ಯೆಗಳಲ್ಲಿ ಯಾವುದನ್ನೆಲ್ಲ ಹೀಗೆ ಬರೆಯಬಹುದು? ಪ್ರತಿ ಬೆಂಚಿಗೆ ಮೂರು ನಾಲ್ಕು ಸಂಖ್ಯೆ. ಸಿಕ್ಕಿದ್ದನ್ನು ಬಂದು ಬೋರ್ಡಿನ ಪಟ್ಟಿಯಲ್ಲಿ ತುಂಬಬೇಕು. ಕೂಡುವುದು ಬಂದರೆ ಸಾಕು, ಯಾರೂ ಹೊರಗುಳಿಯುವುದಿಲ್ಲ. ಹಿಂದಿನ ಬೆಂಚಿನ ಹುಡುಗ 15ಕ್ಕೆ 7 + 8 ಬರೆದು ಹೋದ ಮೇಲೆ ಇನ್ನೊಬ್ಬಳು ಬಂದು ಅದರ ಕೆಳಗೆ 4 + 5 + 6 ಬರೆಯುತ್ತಾಳೆ, ಮತ್ತೊಬ್ಬ 1 + 2 + 3 + 4 + 5 ಬರೆಯುತ್ತಾನೆ. ಇಪ್ಪತ್ತು ನಿಮಿಷದಲ್ಲಿ ಪಟ್ಟಿ ತುಂಬುತ್ತದೆ. ಐದು ಜಾಗ ಮಾತ್ರ ಖಾಲಿ: 1, 2, 4, 8, 16.

ಇಲ್ಲಿ ಮಾತಾಡದೆ ಸುಮ್ಮನಿರುವುದೇ ಮೇಷ್ಟ್ರ ಕೆಲಸ. ಎಲ್ಲಿಂದಲೋ ಒಂದು ದನಿ ಬರುತ್ತದೆ: ‘ಸಾರ್, ಮುಂದಿಂದು 32.’ ಇಡೀ ತರಗತಿ 32ರ ಮೇಲೆ ಬೀಳುತ್ತದೆ. ಆಗುವುದಿಲ್ಲ. 64? ಅದೂ ಇಲ್ಲ. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ.

ಅಂದು ಸಂಜೆ ಒಂದು ಚಾರ್ಟ್ ಹಾಳೆಯ ಮೇಲೆ ಐದಾರು ಪ್ರಶ್ನೆ ಬರೆದು ಗೋಡೆಗೆ ಅಂಟಿಸುತ್ತೇನೆ. ಯಾವುದೇ ಬೆಸ ಸಂಖ್ಯೆಯನ್ನು ಥಟ್ಟನೆ ಬರೆಯುವುದು ಹೇಗೆ? 3ರ ಅಪವರ್ತ್ಯಗಳಿಗೆ ಏನು ಉಪಾಯ? 1, 2, 4, 8, 16 ಏಕೆ ಆಗುವುದಿಲ್ಲ? 45ನ್ನು ಎಷ್ಟು ಬಗೆಯಲ್ಲಿ ಬರೆಯಬಹುದು? ಬರೆಯದೆಯೇ ಎಷ್ಟು ಬಗೆಯೆಂದು ಹೇಳಲಾದೀತೇ? ಇವಕ್ಕೆ ‘ಸುಲಭ’, ‘ಕಠಿಣ’ ಎಂಬ ತಲೆಬರಹ ಹಾಕುವುದಿಲ್ಲ, ಬಣ್ಣದ ಚೀಟಿ ಕೊಡುವುದಿಲ್ಲ. ಮೊದಲೆರಡು ಎಲ್ಲರಿಗೂ ಕಡ್ಡಾಯ. ಮುಂದೆ ಎಷ್ಟು ದೂರ ಹೋಗಬೇಕೆಂಬುದು ಮಗುವಿಗೇ ಬಿಟ್ಟದ್ದು. ಚೀಟಿ ಕೊಟ್ಟ ಕ್ಷಣವೇ ನಾವು ಒಂದೇ ಕೋಣೆಯೊಳಗೆ ಮೂರು ತರಗತಿ ಮಾಡಿಬಿಡುತ್ತೇವೆ. ಗೋಡೆ ಕಾಣುವುದಿಲ್ಲ, ಅಷ್ಟೇ.

ಕಳೆದ ಸಲ ಮೂರನೇ ಪ್ರಶ್ನೆಗೆ ಉತ್ತರ ಬಂದದ್ದು ನಾನು ನಿರೀಕ್ಷಿಸಿದ ಕಡೆಯಿಂದಲ್ಲ. ಕೊನೆಯ ಬೆಂಚಿನ ಇಬ್ಬರು ಹುಣಸೆಬೀಜ ಇಟ್ಟುಕೊಂಡು ಕೂತಿದ್ದರು. 2, 3, 4 ಎಂದು ಮೂರು ಸಾಲು ಜೋಡಿಸಿ, ಕೊನೆಯ ಸಾಲಿನಿಂದ ಒಂದು ಬೀಜ ತೆಗೆದು ಮೊದಲನೆಯದಕ್ಕೆ ಇಟ್ಟರು. 3, 3, 3 ಆಯಿತು. ‘ಸಮ ಆಗೋಯ್ತು ಸಾರ್’ ಎಂದರು. ಐದು ಸಾಲು ಇಟ್ಟರೂ ಹಾಗೇ, ಎಲ್ಲವೂ ನಡುವಿನ ಸಂಖ್ಯೆಯಷ್ಟೇ ಆಗುತ್ತವೆ. ಸಾಲುಗಳ ಎಣಿಕೆ ಬೆಸವಾದರೆ ಮೊತ್ತವೆಂದರೆ ಆ ಎಣಿಕೆ ಗುಣಿಸು ನಡುವಿನ ಸಂಖ್ಯೆ. ನಾಲ್ಕು ಸಾಲು ಇಟ್ಟಾಗ ನಡುವಿನದು ಸಿಗುವುದಿಲ್ಲ. 2, 3, 4, 5ರಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಸೇರಿಸಿದರೆ 7, ಒಳಗಿನ ಎರಡನ್ನು ಸೇರಿಸಿದರೂ 7.

ಇದನ್ನು ನಾನು ಎಲ್ಲರಿಗೂ ತೋರಿಸಿ ಎಂದೆ. ತೋರಿಸುವಾಗ ಕಿಟಕಿ ಪಕ್ಕದ ಹುಡುಗಿ ಬೀಜಗಳನ್ನೇ ನೋಡುತ್ತಿದ್ದಳು. ಅವಳು ಹಿಂದಿನ ರಾತ್ರಿ ಬೀಜಗಣಿತದಲ್ಲಿ ಒಂದು ಪುಟ ಬರೆದು ಎಲ್ಲೋ ಸಿಕ್ಕಿಕೊಂಡಿದ್ದಳು. ಈಗ ಹೇಳಿದಳು: ‘ಸಾಲು ಬೆಸ ಇದ್ರೆ ಸಾಲಿನ ಎಣಿಕೆನೇ ಬೆಸ. ಸಾಲು ಸಮ ಇದ್ರೆ ಜೋಡಿ ಬೆಸ, 7 ಥರ. ಹೇಗಿದ್ರೂ ಒಂದು ಬೆಸ ಸಂಖ್ಯೆಯಿಂದ ಗುಣಿಸ್ತಾ ಇದ್ದೀವಿ. 16ರಲ್ಲಿ ಬೆಸ ಅಪವರ್ತನ ಎಲ್ಲಿದೆ?’ 16 ಎಂದರೆ ಬರೀ 2ಗಳ ಗುಣಲಬ್ಧ. 1ನ್ನು ಬಿಟ್ಟರೆ ಬೆಸ ಅಪವರ್ತನವೇ ಅದರಲ್ಲಿಲ್ಲ. 2ರ ಘಾತಗಳೆಲ್ಲ ಆ ಪಟ್ಟಿಯಲ್ಲಿ ಖಾಲಿ ಉಳಿಯುವುದು ಇದರಿಂದಲೇ. ಪೂರ್ತಿ ಸಾಧನೆ ಇದು, ಒಂದು ಅಕ್ಷರದ ಬೀಜಗಣಿತವೂ ಇಲ್ಲದೆ. ಅರ್ಧ ಹಿಂದಿನ ಬೆಂಚಿನದು, ಅರ್ಧ ಕಿಟಕಿ ಬದಿಯದು.

ಮುಂದಿನ ನಾಲ್ಕು ದಿನ ತರಗತಿ ಅಪವರ್ತನಗಳ ಅಭ್ಯಾಸ ಮಾಡುತ್ತಿತ್ತು. ಐದು ಲೆಕ್ಕದಲ್ಲಿ ನಾಲ್ಕು ಸರಿಮಾಡಿದ್ದ ಐದು ಮಕ್ಕಳು ತಮ್ಮ ತಮ್ಮ ಜಾಗದಲ್ಲೇ ಕೂತು ‘ಪ್ರಶ್ನೆ ಪುಸ್ತಕ’ ತೆರೆದಿದ್ದರು. ಇದು ಇನ್ನೂರು ಪುಟದ ಸಾಮಾನ್ಯ ನೋಟ್‌ಬುಕ್. ಅದಕ್ಕೆ ಅಂಕ ಇಲ್ಲ, ಕೆಂಪು ಪೆನ್ನಿನ ತಿದ್ದುಪಡಿ ಇಲ್ಲ. ಒಂದೇ ನಿಯಮ, ಅಳಿಸುವಂತಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಯಾಕೆ ತಪ್ಪು ಎಂದು ಬರೆಯಬೇಕು. ವಾರಕ್ಕೊಮ್ಮೆ ನಾನು ಪ್ರತಿ ಪುಸ್ತಕದಲ್ಲಿ ಒಂದೇ ಒಂದು ಪ್ರಶ್ನೆ ಬರೆದು ಹಿಂದಿರುಗಿಸುತ್ತೇನೆ. ಐದು ಪುಸ್ತಕಕ್ಕೆ ಅರ್ಧ ಗಂಟೆ ಸಾಕು.

ಆ ಹುಡುಗಿಯ ಪುಸ್ತಕದಲ್ಲಿ ಮರುದಿನ ಕಂಡದ್ದು ಈ ಸಾಲು: ‘14 = 7 × 2. ಹಾಗಾದರೆ ಏಳು ಸಂಖ್ಯೆ, ನಡುವೆ 2.’ ಅದರ ಕೆಳಗೆ −1, 0, 1, 2, 3, 4, 5 ಎಂದು ಬರೆದು ಇಡೀ ಸಾಲಿನ ಮೇಲೆ ಗೆರೆ. ‘ಋಣ ಸಂಖ್ಯೆ ಬಂತು, ತಪ್ಪು’ ಎಂದು ಪಕ್ಕದಲ್ಲಿ ಷರಾ. ನಾನು ಬರೆದ ಪ್ರಶ್ನೆ ಇಷ್ಟೇ: ‘ಮೊತ್ತ ಎಷ್ಟು?’ ಸಂಜೆ ಮನೆಗೆ ಹೊರಟವಳು ಗೇಟಿನಿಂದ ವಾಪಸ್ ಓಡಿಬಂದಳು. ಮೊತ್ತ 14 ಸರಿಯಾಗಿಯೇ ಇದೆ. ಅಷ್ಟೇ ಅಲ್ಲ, −1 ಮತ್ತು 1 ಒಂದನ್ನೊಂದು ಹೊಡೆದುಹಾಕುತ್ತವೆ, 0 ಇದ್ದರೂ ಒಂದೇ ಹೋದರೂ ಒಂದೇ. ಉಳಿಯುವುದು 2 + 3 + 4 + 5. ಬೋರ್ಡಿನ ಪಟ್ಟಿಯಲ್ಲಿ 14ರ ಮುಂದೆ ಇದ್ದದ್ದೂ ಅದೇ!

ಇಲ್ಲಿಂದ ದಾರಿ ತೆರೆದುಕೊಳ್ಳುತ್ತದೆ. ಸಂಖ್ಯೆಯ ಪ್ರತಿ ಬೆಸ ಅಪವರ್ತನವೂ ಒಂದೊಂದು ಸಾಲನ್ನು ಕೊಡುತ್ತದೆ. ಋಣ ಸಂಖ್ಯೆ ಬಂದರೆ ಹೊಡೆದುಹಾಕಿಕೊಂಡು ಚಿಕ್ಕ ಸಾಲಾಗುತ್ತದೆ. 100ನ್ನು ತೆಗೆದುಕೊಳ್ಳಿ. ಅದರ ಬೆಸ ಅಪವರ್ತನಗಳು 1, 5, 25. 5ರಿಂದ ಸಿಗುವುದು 18 + 19 + 20 + 21 + 22. 25ರಿಂದ, ನಡುವೆ 4 ಇಟ್ಟು ಇಪ್ಪತ್ತೈದು ಸಂಖ್ಯೆ ಬರೆದರೆ −8ರಿಂದ 16ರವರೆಗೆ ಹೋಗುತ್ತದೆ. −8ರಿಂದ 8ರವರೆಗಿನದೆಲ್ಲ ಸೊನ್ನೆ. ಉಳಿಯುವುದು 9ರಿಂದ 16. 1ರಿಂದ ಸಿಗುವುದು ಬರೀ 100. ಹಾಗಾಗಿ ಅವಳು ಬರೆದ ನಿಯಮ: ಎಷ್ಟು ಬಗೆ ಎಂದರೆ ಬೆಸ ಅಪವರ್ತನಗಳ ಎಣಿಕೆಯಲ್ಲಿ ಒಂದು ಕಡಿಮೆ. 45ಕ್ಕೆ ಬೆಸ ಅಪವರ್ತನಗಳು 1, 3, 5, 9, 15, 45. ಆರು; ಒಂದು ಕಳೆದರೆ ಐದು ಬಗೆ. ತರಗತಿಯ ಬೇರೆ ಮಕ್ಕಳು ಆ ಹೊತ್ತಿಗೆ 45ನ್ನು ಕೂಡಿ ಕೂಡಿ ನಾಲ್ಕು ಬಗೆ ಹುಡುಕಿದ್ದರು. ಐದನೆಯದು ಇರಲೇಬೇಕು ಎಂದು ಅವಳು ಹೇಳಿದ ಮೇಲೆ ಹುಡುಕಾಟ ಮತ್ತೆ ಶುರುವಾಗಿ, 5 + 6 + 7 + 8 + 9 + 10 ಎಂದು ಹಿಡಿದು ಕೊಟ್ಟವನು ಮಧ್ಯದ ಬೆಂಚಿನ ಹುಡುಗ.

ಇಂಥ ಪ್ರಶ್ನೆ ಇಟ್ಟ ಘಟಕದ ಕೊನೆಯ ಪಿರಿಯಡ್ಡಿನಲ್ಲಿ ಹದಿನೈದು ನಿಮಿಷ ಇಂಥವರಿಗೆ ಮೀಸಲು. ಬೋರ್ಡಿನ ಮುಂದೆ ನಿಂತು, ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕು. ತಿಳಿಯದಿದ್ದರೆ ತಪ್ಪು ಕೇಳುವವರದ್ದಲ್ಲ. ಆ ದಿನ ಅವಳು ನಿಯಮ ಬರೆದು ಮುಗಿಸಿದಾಗ, ಗಣಿತದಲ್ಲಿ ಮೂವತ್ತೈದು ದಾಟದ ಒಬ್ಬ ಹುಡುಗ ಎದ್ದು ಕೇಳಿದ: ‘15 ಅಂತ ಒಂದನ್ನೇ ಬರೆದ್ರೆ ಅದೂ ಒಂದು ಬಗೆ ಅಲ್ವೇನೇ? ಒಂದೇ ಸಂಖ್ಯೆ ಇರೋ ಸಾಲು.’ ಕೆಲವರು ನಕ್ಕರು. ಅವಳು ನಗಲಿಲ್ಲ. ಅರ್ಧ ನಿಮಿಷ ಬೋರ್ಡು ನೋಡಿ, ನಿಯಮದ ಕೊನೆಯಲ್ಲಿದ್ದ ‘ಒಂದು ಕಡಿಮೆ’ ಎಂಬುದನ್ನು ಒರೆಸಿಹಾಕಿದಳು. ಒಂಟಿ ಸಂಖ್ಯೆಯನ್ನೂ ಸಾಲೆಂದು ಒಪ್ಪಿಕೊಂಡರೆ ಬಗೆಗಳ ಎಣಿಕೆ ಬೆಸ ಅಪವರ್ತನಗಳ ಎಣಿಕೆಗೆ ಸರಿಸಮ. 1, 2, 4, 8, 16 ಕೂಡ ಇನ್ನು ಹೊರಗಿನವಲ್ಲ, ಒಂದೊಂದು ಬಗೆ ಉಳ್ಳವು. ನಿಯಮ ಹೆಚ್ಚು ಸ್ವಚ್ಛವಾಯಿತು.

ಪ್ರತಿಭಾವಂತರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಎಂದು ಯಾರಾದರೂ ಹೇಳಿದಾಗ ನನಗೆ ಆ ಹುಡುಗನ ಪ್ರಶ್ನೆ ನೆನಪಾಗುತ್ತದೆ. ಬುದ್ಧಿವಂತರ ಕೋಣೆಯಲ್ಲಿ ಅದನ್ನು ಕೇಳುವವರು ಇರುತ್ತಿರಲಿಲ್ಲ. ಅಲ್ಲಿ ಎಲ್ಲರಿಗೂ ‘ಒಂದು ಕಡಿಮೆ’ ಸಲೀಸಾಗಿ ಅರ್ಥವಾಗಿರುತ್ತಿತ್ತು.

ಪ್ರಶ್ನೆ ಆರಿಸುವುದರಲ್ಲಿ ಒಂದು ಮಾತು. ಒಳ್ಳೆಯ ಪ್ರಶ್ನೆಯ ಹೊಸ್ತಿಲು ತಗ್ಗಾಗಿರಬೇಕು, ಮಾಡು ಎತ್ತರವಾಗಿರಬೇಕು. ಆರನೇ ತರಗತಿಗೆ ನಾನು ಬಳಸುವುದು ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಅವರದನ್ನು. ಅಂಕಿಗಳೆಲ್ಲ ಒಂದೇ ಆಗಿರದ ಮೂರಂಕಿಯ ಯಾವುದೇ ಸಂಖ್ಯೆ ಬರೆಯಿರಿ, 721 ಎನ್ನಿ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು, ಏರಿಕೆಯಲ್ಲಿ ಬರೆದದ್ದನ್ನು ಕಳೆಯಿರಿ: 721 − 127 = 594. ಮತ್ತೆ ಹಾಗೇ, 954 − 459 = 495. ಇನ್ನು ಎಷ್ಟು ಸಲ ಮಾಡಿದರೂ 495 ಬಿಟ್ಟು ಕದಲುವುದಿಲ್ಲ. ನಾಲ್ಕಂಕಿಯಲ್ಲಿ ಇದೇ ಆಟ 6174ಕ್ಕೆ ಬಂದು ನಿಲ್ಲುವುದನ್ನು ಕಾಪ್ರೇಕರ್ ಕಂಡುಕೊಂಡಿದ್ದರು. ದಶಕ ತೆಗೆದು ಕಳೆಯುವುದು ಇನ್ನೂ ತೊಡರುವ ಮಕ್ಕಳಿಗೆ ಇದರಲ್ಲಿ ಬೇಸರವಿಲ್ಲದ ಅಭ್ಯಾಸ. ಮುಂದೆ ಇರುವವರಿಗೆ ಕೇಳುವುದು ‘ಏಕೆ’ ಎಂದು. ಮೊದಲ ಕಳೆಯುವಿಕೆಯಲ್ಲೇ ನಡುವಿನ ಅಂಕಿ ಎರಡೂ ಕಡೆ ಒಂದೇ ಸ್ಥಾನದಲ್ಲಿರುವುದರಿಂದ ಅದಕ್ಕೆ ಕೆಲಸವಿಲ್ಲ. ಉತ್ತರ ಯಾವಾಗಲೂ 99ರ ಅಪವರ್ತ್ಯ. ಹಾಗಾದರೆ ನೂರಾರು ಸಂಖ್ಯೆ ಪರೀಕ್ಷಿಸಬೇಕಿಲ್ಲ, ಒಂಬತ್ತು ಸಾಕು. ಇದನ್ನು ಹನ್ನೊಂದು ವರ್ಷದ ಮಗು ಕಂಡುಕೊಳ್ಳುವಾಗ ಆಗುವ ಮುಖ ಒಂಬತ್ತನೇ ತರಗತಿಯ ಪುಸ್ತಕ ಕೈಗಿಟ್ಟಾಗ ಆಗುವುದಿಲ್ಲ.

ಕೆಡುವುದು ಎಲ್ಲಿ? ಹೆಚ್ಚಾಗಿ ಆ ಬುದ್ಧಿವಂತ ಮಗುವಿನಲ್ಲೇ. ಐದನೇ ತರಗತಿಯಿಂದ ಎಲ್ಲವನ್ನೂ ಮೊದಲ ಸಲಕ್ಕೇ ಸರಿ ಮಾಡಿಕೊಂಡು ಬಂದವನಿಗೆ ಸಿಕ್ಕಿಬೀಳುವುದೆಂದರೆ ಏನೆಂದೇ ಗೊತ್ತಿರುವುದಿಲ್ಲ. ಎರಡನೇ ದಿನ ‘ಬೋರ್ ಸಾರ್, ಪುಸ್ತಕದ ಲೆಕ್ಕನೇ ಮಾಡ್ತೀನಿ’ ಎಂದು ಬರುತ್ತಾನೆ. ಇದು ಬೇಸರವಲ್ಲ, ಹೆದರಿಕೆ. ಪ್ರಶ್ನೆ ಪುಸ್ತಕದಲ್ಲಿ ಎರಡು ದಿನ ಹೊಸ ಗೆರೆ ಬೀಳದಿದ್ದರೆ, ಅಥವಾ ಹಳೆಯ ಉದಾಹರಣೆಗಳನ್ನೇ ಚೆಂದ ಮಾಡಿ ಮತ್ತೆ ಬರೆದಿದ್ದರೆ ತಿಳಿದುಕೊಳ್ಳಬೇಕು. ಆಗ ಸುಳಿವು ಕೊಡುವುದಕ್ಕಿಂತ ಪ್ರಶ್ನೆಯನ್ನು ಚಿಕ್ಕದು ಮಾಡಿ ಕೊಡುವುದು ಮೇಲು. ‘ಎಲ್ಲ ಸಂಖ್ಯೆ ಬೇಡ, 3ರ ಘಾತಗಳನ್ನು ಮಾತ್ರ ನೋಡು’ ಎಂದರೆ ಸಾಕು, ಕಾಲಿಡಲು ನೆಲ ಸಿಗುತ್ತದೆ. ವಾರಕ್ಕೆ ಎರಡು ಪಿರಿಯಡ್ ಇಂಥ ಇಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸುವುದೂ ಉಂಟು. ಅವರಿಗೂ ತಮ್ಮಷ್ಟೇ ಹಟದ ಇನ್ನೊಬ್ಬರು ಬೇಕು. ಉಳಿದ ದಿನ ಎಂದಿನ ಜಾಗ.

ಎರಡನೆಯ ಕೇಡು ಮೇಷ್ಟ್ರದ್ದು. ಮಗು ತಂದ ಪ್ರಶ್ನೆಗೆ ನಮಗೇ ಉತ್ತರ ಗೊತ್ತಿರುವುದಿಲ್ಲ. ಒಮ್ಮೆ ನಾನು ಮರ್ಯಾದೆ ಉಳಿಸಿಕೊಳ್ಳಲು ‘4ರ ಅಪವರ್ತ್ಯಗಳು ಯಾವುವೂ ಆಗುವುದಿಲ್ಲ’ ಎಂದುಬಿಟ್ಟೆ. ಪಟ್ಟಿಯಲ್ಲಿ 12 = 3 + 4 + 5 ನನ್ನ ಬೆನ್ನ ಹಿಂದೆಯೇ ಇತ್ತು. ಅದನ್ನು ತೋರಿಸಿದ ಹುಡುಗನ ದನಿಯಲ್ಲಿದ್ದ ಸಂಕೋಚ ಇನ್ನೂ ಕಿವಿಯಲ್ಲಿದೆ. ಅಲ್ಲಿಂದ ‘ನನಗೂ ಗೊತ್ತಿಲ್ಲ, ನೋಡೋಣ’ ಎನ್ನುವುದನ್ನು ರೂಢಿಸಿಕೊಂಡೆ.

ಸಿಲಬಸ್ ಮುಗಿಯುತ್ತದೆಯೇ ಎಂದು ಕೇಳುವವರಿಗೆ: ಒಂದು ಘಟಕಕ್ಕೆ ಇಂಥ ಒಂದು ಪ್ರಶ್ನೆ, ಇಡೀ ತರಗತಿಯ ಎರಡು ಪಿರಿಯಡ್, ಕೊನೆಯ ಹದಿನೈದು ನಿಮಿಷ. ವರ್ಷಕ್ಕೆ ನನ್ನಿಂದಾಗುವುದು ಆರು. ಎಲ್ಲ ಘಟಕಕ್ಕೂ ಮಾಡಲು ಹೋದ ವರ್ಷ ಕೊನೆಯ ಎರಡು ಪಾಠ ಓಡಿಸಬೇಕಾಯಿತು. ಒಂದೇ ಕೋಣೆಯಲ್ಲಿ ಬೇರೆ ಬೇರೆ ವೇಗ ಎಂಬುದು ನಮ್ಮ ರಾಜ್ಯಕ್ಕೆ ಹೊಸತೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿಯಲ್ಲಿ ಪುಟ್ಟ ಮಕ್ಕಳು ತಮ್ಮ ತಮ್ಮ ಮೆಟ್ಟಿಲಲ್ಲಿದ್ದುಕೊಂಡೇ ಒಟ್ಟಿಗೆ ಕಲಿಯುತ್ತಾರೆ. ಪ್ರೌಢಶಾಲೆಗೆ ಬರುವಷ್ಟರಲ್ಲಿ ಅದನ್ನು ನಾವು ಮರೆತಿರುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಶೇಷ ಪ್ರತಿಭೆಯ ಮಕ್ಕಳಿಗೆ ಶಿಕ್ಷಕರು ಹೆಚ್ಚಿನ ಸಾಮಗ್ರಿ, ಮಾರ್ಗದರ್ಶನ ಕೊಡಬೇಕು ಎಂದಿದೆ. ಹೇಗೆ ಎಂಬುದನ್ನು ತರಗತಿಯಲ್ಲಿ ನಾವೇ ಕಂಡುಕೊಳ್ಳಬೇಕು.

ಈ ಯೋಜನೆ ಎಲ್ಲರಿಗೂ ಸಾಲುವುದಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲೋ ಕೆಲವು ವರ್ಷಕ್ಕೊಮ್ಮೆ ನಿಜವಾಗಿ ಮೂರು ನಾಲ್ಕು ವರ್ಷ ಮುಂದಿರುವ ಮಗು ಬರುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಶುರುಮಾಡಿದ ಅಧ್ಯಯನ ಅಂಥ ಮಕ್ಕಳದ್ದು. ಅವರನ್ನು ಮುಂದಿನ ತರಗತಿಯ ಗಣಿತಕ್ಕೆ ಕಳಿಸುವುದೇ ಒಳ್ಳೆಯದೆಂದು ಸ್ಟ್ಯಾನ್ಲಿ ವಾದಿಸಿದರು, ಮತ್ತು ಆ ಮಕ್ಕಳ ಮಟ್ಟಿಗೆ ಅದು ಸರಿ. ನಮ್ಮಲ್ಲಿ ವಯಸ್ಸಿಗೆ ತಕ್ಕ ತರಗತಿಯ ಕಟ್ಟಿನೊಳಗೆ ಅದು ಸುಲಭವಲ್ಲ. ಅಂಥ ಮಗುವಿಗೆ ಹೋಮಿ ಭಾಭಾ ಕೇಂದ್ರದ ನೇತೃತ್ವದ ಗಣಿತ ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊಡಿ. ಕಲನಶಾಸ್ತ್ರ ಬೇಕಿಲ್ಲದ ಪ್ರಶ್ನೆಗಳವು, ಮೂರು ಗಂಟೆ ಕೂತು ಯೋಚಿಸಬೇಕಾದವು. ಹತ್ತಿರದ ಕಾಲೇಜಿನ ಗಣಿತ ಅಧ್ಯಾಪಕರೊಬ್ಬರನ್ನು ತಿಂಗಳಿಗೊಮ್ಮೆ ಕಾಣಿಸಿ. ಆದರೆ ಬೆಳಿಗ್ಗೆ ಅದೇ ತರಗತಿಗೆ ಬರಲಿ. ನನ್ನ ಮೂವತ್ತು ವರ್ಷದಲ್ಲಿ ಅಂಥವರು ಇಬ್ಬರೇ. ಉಳಿದ ನೂರಾರು ‘ಆಯ್ತು ಸಾರ್’ಗಳಿಗೆ ಪ್ರಶ್ನೆ ಪುಸ್ತಕ ಸಾಕಾಗಿತ್ತು.

ಆ ಹುಡುಗಿಯ ಪುಸ್ತಕಕ್ಕೆ ನಾನು ಬರೆದ ಕೊನೆಯ ಪ್ರಶ್ನೆ ಇದು: ಎರಡೋ ಹೆಚ್ಚೋ ಕ್ರಮಾನುಗತ ಸಂಖ್ಯೆಗಳ ಮೊತ್ತವಾಗಿ, ಸರಿಯಾಗಿ ನಾಲ್ಕೇ ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಯಾವುದು? ಬೆಸ ಅಪವರ್ತನಗಳು ಐದೇ ಇರಬೇಕು, ಅಂದರೆ ಬೆಸ ಅವಿಭಾಜ್ಯವೊಂದರ ನಾಲ್ಕನೇ ಘಾತ, ಆದ್ದರಿಂದ 81 ಎಂದು ಎರಡು ದಿನದ ಮೇಲೆ ಉತ್ತರ ತಂದಳು. 40 + 41 ಒಂದು ಬಗೆ, ಇನ್ನು ಮೂರನ್ನು ನೀವೇ ಬರೆದುಕೊಳ್ಳಿ. ಉತ್ತರದ ಕೆಳಗೆ ಅವಳದೇ ಪ್ರಶ್ನೆ ಇತ್ತು, ನನಗೆ: ಸರಿಯಾಗಿ ಆರೇ ಬಗೆ ಇರುವ ಅತಿ ಚಿಕ್ಕ ಸಂಖ್ಯೆ ಯಾವುದು ಸಾರ್? ಮನೆಯಲ್ಲಿ ಏಳನೆಯದೋ ಎಂಟನೆಯದೋ ಓದುವ ಮಗುವಿದ್ದರೆ ಕೇಳಿ ನೋಡಿ. ಉತ್ತರ ಮೂರಂಕಿಯದು.